ಕಡುಗೆಂಪು ತೋರಣ, ಹಳದಿ ರೇಷ್ಮೆ

ಅವಳಿಗೊಂದು ಹೆಸರೇನೋ ಇತ್ತು. ಆದರೆ ನೆಂಟರಿಷ್ಟರೆಲ್ಲ ಕರೆಯುತ್ತಿದ್ದುದು ಮ್ಯಾಚಿಂಗ್ ದೊಡ್ಡಮ್ಮ ಅಂತಲೇ. ಕಾರಣ ಇಷ್ಟೇ, ಅವಳು ಕೆಲಸ ಮಾಡುತ್ತಿದ್ದುದು ರವಿಕೆ ಬಟ್ಟೆ, ಫಾಲು, ಲೈನಿಂಗು ಮಾರುವ ಮ್ಯಾಚಿಂಗ್ ಅಂಗಡಿಯಲ್ಲಿ. ಗಿರಾಕಿ ಸೀರೆ ಬಿಚ್ಚಿ ಮೇಜಿನ ಮೇಲೆ ಹರಡುವುದಕ್ಕಿಲ್ಲ, ದೊಡ್ಡಮ್ಮನ ಕೈ ಹಿಂದಕ್ಕೆ ಹೋಗಿ, ನೂರಾರು ಥಾನುಗಳ ಮಧ್ಯದಿಂದ ಸರಿಯಾದ ಬಣ್ಣವನ್ನು ಎಳೆದು ತಂದಿರುತ್ತಿತ್ತು. ಯಾರಾದರೂ "ಗಿಳಿಹಸಿರು ಕೊಡಿ" ಅಂದರೆ ಸೀರೆಯನ್ನು ಒಮ್ಮೆ ನೋಡಿ, "ಇದು ಗಿಳಿಹಸಿರಲ್ಲಮ್ಮ, ಗಿಳಿಮರಿ ಹಸಿರು. ಇನ್ನೂ ರೆಕ್ಕೆ ಬಲಿತಿಲ್ಲ" ಅನ್ನುತ್ತಿದ್ದಳು. ಗಿರಾಕಿ ನಗುತ್ತಿದ್ದಳು, ದುಡ್ಡು ಕೊಡುತ್ತಿದ್ದಳು, ಮತ್ತೆ ಬರುತ್ತಿದ್ದಳು.

ಇಂಥ ದೊಡ್ಡಮ್ಮನ ತಂಗಿಯ ಮಗಳಿಗೆ ಮದುವೆ ಗೊತ್ತಾಯಿತು. ನಿಶ್ಚಯ ಮನೆಯಲ್ಲೇ, ಚಿಕ್ಕದಾಗಿ. ಮೊದಲು ಒಂದು ಪೂಜೆ, ಆಮೇಲೆ ತಟ್ಟೆ ಬದಲಾಯಿಸುವುದು, ಆಮೇಲೆ ಊಟ. ತಂಗಿ ಫೋನು ಮಾಡಿ ಹೇಳಿದಳು: "ಅಕ್ಕಾ, ಹೂವಿನದೆಲ್ಲ ನಿಂದೇ. ಬಾಗಿಲಿಗೆ ತೋರಣ, ದೇವರ ಹಿಂದೆ ಅಲಂಕಾರ. ನಾನು ತಲೆ ಹಾಕೋದಿಲ್ಲ."

"ತಲೆ ಹಾಕಬೇಡ, ತಲೆಗೆ ಮುಡ್ಕೋ ಸಾಕು" ಅಂದಳು ದೊಡ್ಡಮ್ಮ. ಫೋನು ಇಟ್ಟ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದಳು. ಇಷ್ಟು ವರ್ಷ ಅವರಿವರ ರವಿಕೆಗೆ ಬಣ್ಣ ಹೊಂದಿಸಿದ್ದಾಯಿತು. ಈಗ ಒಂದು ಇಡೀ ಬಾಗಿಲು ಅವಳ ಕೈಗೆ ಸಿಕ್ಕಿತ್ತು!

ಒಂದೇ ಒಂದು ಷರತ್ತು ಬಂದಿದ್ದು ಹುಡುಗನ ಕಡೆಯಿಂದ. ಹುಡುಗನಿಗೆ ಒಬ್ಬಳು ಸೋದರತ್ತೆ. ಆ ಮನೆಯಲ್ಲಿ ಅವಳ ಮಾತು ಅಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. "ಶುಭಕಾರ್ಯ, ಎಲ್ಲೂ ಕಪ್ಪು ಕಾಣಬಾರದು" ಎಂದು ಆಕೆ ಹೇಳಿ ಕಳಿಸಿದ್ದಳು. ಅಷ್ಟಕ್ಕೇ ಮನೆಯಲ್ಲಿ ಕಪ್ಪು ಬೇಟೆ ಶುರುವಾಯಿತು. ಭಾವ, ಅಂದರೆ ತಂಗಿಯ ಗಂಡ, ತನ್ನ ಕಪ್ಪು ಚಪ್ಪಲಿಯನ್ನು ಅಟ್ಟಕ್ಕೆ ಎಸೆದ. ಮಗಳು ಕೈಚೀಲ ಬದಲಾಯಿಸಿದಳು. ಪಕ್ಕದ ಮನೆಯ ಕರಿಬೆಕ್ಕನ್ನು ಅವತ್ತೊಂದು ದಿನ ಒಳಗೇ ಇಟ್ಟುಕೊಳ್ಳುವುದಕ್ಕೆ ಭಾವ ಮೀನು ಕೊಟ್ಟು ಒಪ್ಪಂದ ಮಾಡಿಕೊಂಡು ಬಂದ. ಮೀನು ಬೆಕ್ಕಿಗೆ, ಒಪ್ಪಂದ ಯಜಮಾನರ ಜೊತೆ.

ಹೂವು ಹೇಳುವುದಕ್ಕೆ ದೊಡ್ಡಮ್ಮ ಹೋಗಿದ್ದು ಮಾರುಕಟ್ಟೆಯ ಬಾಯಲ್ಲಿ ಅಂಗಡಿ ಇಟ್ಟಿದ್ದ ಅಲಂಕಾರದವನ ಹತ್ತಿರ. ಅವನಿಗೆ ಊರೆಲ್ಲ ಪಿನ್ನಪ್ಪ ಅನ್ನುತ್ತಿತ್ತು. ಯಾವಾಗ ನೋಡಿದರೂ ತುಟಿಗಳ ನಡುವೆ ಒಂದು ಸಾಲು ಗುಂಡುಪಿನ್ನು. ಮಾತಾಡುವಾಗಲೂ ತೆಗೆಯುತ್ತಿರಲಿಲ್ಲ. ಹಾಗಾಗಿ ಅವನು ಏನೇ ಹೇಳಿದರೂ "ಮ್ಮ್ ಹ್ಮ್" ಅಂತ ಕೇಳಿಸುತ್ತಿತ್ತು. ಜನ ತಮಗೆ ಬೇಕಾದ ಅರ್ಥ ಮಾಡಿಕೊಂಡು ಹೋಗುತ್ತಿದ್ದರು.

ಅವನ ಅಂಗಡಿ ಬಯಲಿಗೆ ಮುಖ ಮಾಡಿತ್ತು. ಬೆಳಗಿನ ಬಿಸಿಲು ನೇರ ಹೂವಿನ ಮೇಲೆ. ಬಕೆಟ್ಟಿನಲ್ಲಿ ಕಡುಗೆಂಪು ಗುಲಾಬಿ ಇತ್ತು, ಮಖಮಲ್ಲಿನ ಹಾಗೆ. ಬಿಸಿಲು ಬಿದ್ದಲ್ಲಿ ಕೆಂಡ, ಎಸಳಿನ ಮಡಿಕೆಯಲ್ಲಿ ದಾಳಿಂಬೆ. ದೊಡ್ಡಮ್ಮ ಬಕೆಟ್ಟಿನ ಮುಂದೆಯೇ ಕೂತುಬಿಟ್ಟಳು.

"ಇದೇ! ಬಾಗಿಲಿಗೆ ಇದೇ. ಕಡುಗೆಂಪು ಗುಲಾಬಿ, ನಡುನಡುವೆ ದಟ್ಟ ಹಸಿರೆಲೆ. ರಾಣಿ ಸೀರೆ ಉಟ್ಟ ಹಾಗಿರುತ್ತೆ."

ಪಿನ್ನಪ್ಪ ತಲೆ ಅಲ್ಲಾಡಿಸಿದ. "ಮ್ಮ್... ಹ್ಮ್ ಮ್ಮ್ ಹ್ಮ್..." ಕೈಯಿಂದ ಹಳದಿ ಸೇವಂತಿಗೆ ತೋರಿಸಿದ, ಬಿಳಿ ಸುಗಂಧರಾಜ ತೋರಿಸಿದ, ಗಾಳಿಯಲ್ಲಿ ಒಂದು ಬಾಗಿಲು ಬರೆದ.

"ಹ್ಞಾಂ, ಅದೂ ಇರಲಿ" ಅಂದಳು ದೊಡ್ಡಮ್ಮ. "ಹಳದಿ, ಬಿಳಿ ದೇವರ ಹಿಂದೆ. ಅಲ್ಲಿ ನಾನು ನನ್ನ ಹಳದಿ ರೇಷ್ಮೆ ಸೀರೆ ಪರದೆ ಕಟ್ಟಿಸ್ತೀನಿ. ಹಳದಿಗೆ ಹಳದಿ. ಮ್ಯಾಚಿಂಗ್!"

ಪಿನ್ನಪ್ಪ ಕಣ್ಣು ಮುಚ್ಚಿ ತೆಗೆದ. ಅದನ್ನು ಅವಳು ಮೆಚ್ಚುಗೆ ಅಂದುಕೊಂಡಳು.

ನಿಶ್ಚಯದ ದಿನ ಪಿನ್ನಪ್ಪ ಬೆಳಿಗ್ಗೆಯೇ ಬುಟ್ಟಿ ಹೊತ್ತು ಬಂದ. ತಂಗಿಯ ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟು, ಮೆಟ್ಟಿಲು, ಎರಡು ಮನೆಗಳ ಬಾಗಿಲು, ನಡುವೆ ಕಿಟಕಿಯಿಲ್ಲದ ಒಂದು ಕಿರಿದಾದ ಜಾಗ. ಮೇಲೆ ಒಂದು ಮುದಿ ಬಲ್ಬು, ಉರಿಯಬೇಕೋ ಬೇಡವೋ ಎಂದು ಯೋಚಿಸುತ್ತಾ ಉರಿಯುವಂಥದ್ದು. ಮುಂಬಾಗಿಲು ಕಾಫಿಪುಡಿ ಬಣ್ಣದ ಮರ.

ಮೊದಲು ಒಳಗಿನ ಕೆಲಸ. ಗೋಡೆಗೆ ಹಳದಿ ರೇಷ್ಮೆ ಬಿಗಿದು, ಅದರ ಮೇಲೆ ಮೇಲಿಂದ ಕೆಳಕ್ಕೆ ಸೇವಂತಿಗೆಯ ಸರಗಳನ್ನು ಇಳಿಬಿಟ್ಟ. ಪ್ರತಿ ಸರದ ತುದಿಗೆ ಸುಗಂಧರಾಜದ ಒಂದು ಕುಚ್ಚು. ಆಮೇಲೆ ಹೊರಗೆ ಬಂದು ಗುಲಾಬಿ ತೋರಣ ಕಟ್ಟಿದ: ಅಡ್ಡಕ್ಕೆ ಒಂದು ದಪ್ಪ ಸರ, ಎರಡೂ ಬದಿಗೆ ನೆಲದವರೆಗೆ ಇಳಿಯುವ ಉದ್ದನೆಯ ಸರಗಳು. ದೊಡ್ಡಮ್ಮ ಅಷ್ಟು ಹೊತ್ತೂ ಒಳಗೆ ತಾಂಬೂಲದ ತಟ್ಟೆಗಳಿಗೆ ಕರವಸ್ತ್ರ ಹೊಂದಿಸುತ್ತಿದ್ದಳು. ಹೊರಗೆ ಬಂದು ನೋಡಿರಲಿಲ್ಲ.

ನೋಡಿದ್ದು ತಂಗಿ. ಹಾಲಿನ ಪಾತ್ರೆ ಹಿಡಿದು ಪಕ್ಕದ ಮನೆಯಿಂದ ವಾಪಸು ಬರುತ್ತಿದ್ದವಳು ಬಾಗಿಲೆದುರು ನಿಂತುಬಿಟ್ಟಳು.

"ಅಕ್ಕಾ! ಬಾಗಿಲಿಗೆ ಇದೇನು ಕಟ್ಟಿಸಿದೀಯೆ? ಸುಟ್ಟ ಬದನೆಕಾಯಿ ಸರ?"

ದೊಡ್ಡಮ್ಮ ಹೊರಗೋಡಿ ಬಂದಳು. ತಿರುಗಿ ನೋಡಿದಳು. ಮಖಮಲ್ಲು ಎಲ್ಲಿ, ಕೆಂಡ ಎಲ್ಲಿ? ಆ ಮಬ್ಬು ಬೆಳಕಲ್ಲಿ, ಆ ಕಂದು ಮರದ ಮೇಲೆ, ಕಡುಗೆಂಪು ಗುಲಾಬಿ ಕಪ್ಪಗೆ ಕೂತಿತ್ತು. ಹಸಿರೆಲೆ ಅದಕ್ಕಿಂತ ಒಂದು ಕೈ ಹೆಚ್ಚು ಕಪ್ಪು. ಬಾಗಿಲಿಗೆ ಯಾರೋ ಇದ್ದಿಲು ಪೋಣಿಸಿ ತೂಗುಹಾಕಿದ ಹಾಗಿತ್ತು.

ದೊಡ್ಡಮ್ಮನಿಗೆ ಅಂಗಡಿಯಲ್ಲಿ ದಿನವೂ ತಾನೇ ಹೇಳುವ ಮಾತು ನೆನಪಾಯಿತು: "ಒಳಗಿನ ಬೆಳಕನ್ನ ನಂಬಬೇಡಿ, ಬಾಗಿಲ ಹತ್ತಿರ ಬಿಸಿಲಲ್ಲಿ ನೋಡಿ." ಬಟ್ಟೆಗೆ ಅದು ಸರಿ, ಬಟ್ಟೆ ಉಟ್ಟವರು ಹೊರಗೆ ಓಡಾಡುತ್ತಾರೆ. ತೋರಣ ಎಲ್ಲಿಗೆ ಓಡಾಡೀತು? ಅದು ನೇತಾಡುವಲ್ಲೇ ನೋಡಬೇಕಿತ್ತು. ಇಷ್ಟು ಚಿಕ್ಕ ವಿಷಯ ತಲೆಗೆ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ಅಳು ಬರಬೇಕಿತ್ತು, ಬಂದದ್ದು ನಗು. ಗಾಬರಿಯಾದಾಗ ಅವಳಿಗೆ ಯಾವಾಗಲೂ ಹಾಗೇ.

"ನಗ್ತೀಯಲ್ಲೇ! ಕಪ್ಪು ಕಾಣಬಾರದು ಅಂದಿದಾರೆ, ನೀನು ಕಪ್ಪನ್ನೇ ಹೆಬ್ಬಾಗಿಲಲ್ಲಿ ನೇತುಹಾಕಿದೀಯ!"

ಭಾವ ಓಡಿಬಂದ. ಅವನ ಬಳಿ ಎಲ್ಲದಕ್ಕೂ ಒಂದು ಪರಿಹಾರ ಇರುತ್ತಿತ್ತು, ಮತ್ತು ಅದು ಯಾವಾಗಲೂ ಬಲ್ಬು ಆಗಿರುತ್ತಿತ್ತು. "ಅತ್ತಿಗೆ, ಬೆಳಕು ಸಾಲದು ಅಷ್ಟೇ" ಎಂದು ಸ್ಟೂಲು ಹತ್ತಿ, ಮುದಿ ಬಲ್ಬು ಬಿಚ್ಚಿ, ಹಾಲುಬಿಳುಪಿನ ಹೊಸ ಬಲ್ಬು ಹಾಕಿದ. ಜಗ್ಗನೆ ಬೆಳಕಾಯಿತು. ಎಲ್ಲರ ಮುಖದ ಪೌಡರು ಕಂಡಿತು. ಆದರೆ ಆ ತಣ್ಣನೆ ನೀಲಿಬಿಳಿ ಬೆಳಕಿಗೆ ಗುಲಾಬಿಯ ಕೆಂಪು ಇನ್ನೂ ಸತ್ತು ನೇರಳೆಗೆ ತಿರುಗಿತು.

"ಈಗ ಕಪ್ಪಲ್ಲ" ಅಂದ ಭಾವ, ಆಶೆಯಿಂದ.

"ಹೌದು, ಈಗ ಹಸಿ ಬದನೆಕಾಯಿ" ಅಂದಳು ತಂಗಿ. "ಮುಂಚೆ ಸುಟ್ಟದ್ದಾಗಿತ್ತು."

ದೊಡ್ಡಮ್ಮ ಪಿನ್ನಪ್ಪನ ಕಡೆ ತಿರುಗಿದಳು. "ಏನಪ್ಪಾ, ಮೊದಲೇ ಒಂದು ಮಾತು ಹೇಳಬಾರದಿತ್ತಾ?"

ಪಿನ್ನಪ್ಪ ಅಂಗೈ ಒಡ್ಡಿ, ಬಾಯಿಂದ ಪಿನ್ನುಗಳನ್ನೆಲ್ಲ ಅದಕ್ಕೆ ಉದುರಿಸಿಕೊಂಡ. ಮೊಟ್ಟಮೊದಲ ಬಾರಿಗೆ ಅವನ ನಿಜವಾದ ದನಿ ಕೇಳಿಸಿತು. ಹೆಂಗಸಿನ ದನಿಯಷ್ಟು ತೆಳುವಾಗಿ, ಬಹಳ ಇಂಪಾಗಿತ್ತು.

"ಹೇಳಿದ್ನಲ್ಲಕ್ಕಾ! ಮಹಡಿ ಮನೆ ಬಾಗಿಲು ಕತ್ತಲೆ ಇರುತ್ತೆ, ಹಳದಿ, ಬಿಳಿ ಕಟ್ಟೋಣ ಅಂದೆ. ನೀವು 'ಅದೂ ಇರಲಿ' ಅಂದ್ರಿ."

"ಪಿನ್ನು ಕಚ್ಚಿಕೊಂಡು ಹೇಳಿದ್ರೆ ಯಾರಿಗೆ ಗೊತ್ತಾಗುತ್ತೆ? ನಿನ್ನ ಹೆಂಡತಿಗೆ ಗೊತ್ತಾಗುತ್ತಾ?"

"ಅವಳಿಗೂ ಇಲ್ಲ" ಅಂದ ಪಿನ್ನಪ್ಪ. "ಅದಕ್ಕೇ ಚೆನ್ನಾಗಿದೀವಿ."

ಅಷ್ಟರಲ್ಲಿ ಒಳಗಿನಿಂದ ಮಗಳು ಕೂಗಿದಳು: "ದೊಡ್ಡಮ್ಮಾ, ದೇವರ ಹಿಂದೆ ಹೂವು ಎಲ್ಲಿ? ಪುರೋಹಿತರು ಕೇಳ್ತಿದಾರೆ."

"ಅಲ್ಲೇ ಇದೆಯಲ್ಲೇ!"

"ಕಾಣ್ತಾ ಇಲ್ಲ!"

ದೊಡ್ಡಮ್ಮ ಒಳಗೆ ಓಡಿದಳು. ಕಾಣುತ್ತಿರಲಿಲ್ಲ, ನಿಜ. ಹಳದಿ ರೇಷ್ಮೆಯ ಮೇಲೆ ಹಳದಿ ಸೇವಂತಿಗೆ ಕರಗಿ ಹೋಗಿತ್ತು. ಬರೀ ಬಿಳಿ ಕುಚ್ಚುಗಳು ಮಾತ್ರ ಗೋಡೆಯಲ್ಲಿ ತೇಲುತ್ತಾ, ಯಾರೋ ಹತ್ತಿಯ ಉಂಡೆ ಅಂಟಿಸಿದ ಹಾಗೆ ಕಾಣುತ್ತಿದ್ದವು. ರವಿಕೆಯಾದರೆ ಹಳದಿಗೆ ಹಳದಿ ಕೊಡಬಹುದು, ಅದರ ಕೆಲಸ ಸೀರೆಯೊಳಗೆ ಅಡಗುವುದು. ಹೂವಿನ ಕೆಲಸ ಎದ್ದು ಕಾಣುವುದು.

ಅವಳು ಆ ಹಳದಿಯನ್ನು ನೋಡಿದಳು. ಕತ್ತು ತಿರುಗಿಸಿ, ತೆರೆದ ಬಾಗಿಲಿನಾಚೆ ಆ ಕಪ್ಪನ್ನು ನೋಡಿದಳು. ಮತ್ತೆ ಇದು, ಮತ್ತೆ ಅದು. ಅಂಗಡಿಯಲ್ಲಿ ಎರಡು ಥಾನು ಅದಲುಬದಲಾಗಿದ್ದರೆ ಅವಳ ಕೈಗೆ ಹೇಗೆ ತುರಿಕೆ ಬರುತ್ತಿತ್ತೋ, ಈಗ ಹಾಗೇ ಬಂತು.

"ಪಿನ್ನಪ್ಪಾ!" ಎಂದು ಕಿರುಚಿದಳು. "ಒಳಗಿಂದು ಹೊರಗೆ! ಹೊರಗಿಂದು ಒಳಗೆ!"

ಪಿನ್ನಪ್ಪನ ಮುಖ ಅರಳಿತು. ಆದರೆ ಪುರೋಹಿತರು ಆಗಲೇ ಮಣೆಯ ಮೇಲೆ ಕೂತು, ಕೈಯಲ್ಲಿ ನೀರು ತೆಗೆದುಕೊಂಡು, ಬಾಯಿ ತೆರೆದಿದ್ದರು.

"ಸ್ವಾಮೀ, ನಿಲ್ಲಿಸಿ!" ದೊಡ್ಡಮ್ಮ ಅವರ ಮುಂದೆ ಕೈ ಅಡ್ಡ ಹಿಡಿದಳು, ಬಸ್ಸು ನಿಲ್ಲಿಸುವವರ ಹಾಗೆ. "ಪೂಜೆ ಶುರುವಾಯ್ತಾ?"

"ಆಗೋದ್ರಲ್ಲಿತ್ತು" ಅಂದರು ಪುರೋಹಿತರು. ದುಂಡಗಿನ, ನಿಧಾನದ ಮನುಷ್ಯ.

"ಈ ಪರದೆ ಮೇಲಿನ ಹೂವು ತೆಗೀಬಹುದಾ?"

"ದೇವರಿಗೆ ಏರಿಸಿದ್ರೆ ತೆಗೆದು ಬಾಗಿಲಿಗೆ ಕಟ್ಟೋ ಹಾಗಿಲ್ಲ. ಇನ್ನೂ ಏರಿಸಿಲ್ಲ. ಅಲಂಕಾರ ಅಷ್ಟೇ. ತೆಗೀರಿ."

"ಬಾಗಿಲಿಗೆ ಕಟ್ಟಿರೋ ಗುಲಾಬಿನ ಇಲ್ಲಿಗೆ ತರಬಹುದಾ?"

ಪುರೋಹಿತರು ನೀರನ್ನು ಮತ್ತೆ ಪಾತ್ರೆಗೆ ಬಿಟ್ಟರು. "ನೆಲಕ್ಕೆ ಬಿದ್ದಿದೆಯಾ?"

"ಇಲ್ಲ."

"ಯಾರಾದ್ರೂ ಮುಡಿದಿದಾರಾ?"

"ತೋರಣ ಸ್ವಾಮಿ, ಯಾರು ಮುಡೀತಾರೆ?"

"ಮೂಸಿದೀರಾ?"

"ನನಗೆ ಒಂದು ವಾರದಿಂದ ನೆಗಡಿ. ಮೂಸಿದ್ರೂ ಲೆಕ್ಕಕ್ಕಿಲ್ಲ."

ಪುರೋಹಿತರು ಹೊಟ್ಟೆ ಕುಲುಕಿಸಿ ನಕ್ಕರು. "ಹಾಗಾದ್ರೆ ತನ್ನಿ. ನಾನು ಅಷ್ಟು ಹೊತ್ತು ಕಾಫಿ ಕುಡೀತೀನಿ."

ಶುರುವಾಯಿತು ನೋಡಿ ಮೆರವಣಿಗೆ. ಭಾವ ಒಳಗಿನ ಸರ ಬಿಚ್ಚುವುದು, ಪಿನ್ನಪ್ಪ ಹೊರಗಿನದು ಬಿಚ್ಚುವುದು, ದೊಡ್ಡಮ್ಮ ನಡುವೆ ಎರಡೂ ಭುಜಕ್ಕೆ ಹೂವು ಹೊತ್ತು ಓಡುವುದು. ತಂಗಿ "ನೆಲಕ್ಕೆ ತಾಗಿಸಬೇಡಿ, ನೆಲಕ್ಕೆ ತಾಗಿಸಬೇಡಿ" ಎಂದು ಕೂಗುತ್ತಾ ಎಲ್ಲರ ಕಾಲಿಗೂ ಅಡ್ಡ ಬರುವುದು. ಮಗಳು ಅರ್ಧ ಜಡೆ ಹೆಣೆದುಕೊಂಡು ಒಂದು ಕೈಯಲ್ಲಿ ಕೂದಲು, ಇನ್ನೊಂದು ಕೈಯಲ್ಲಿ ಗುಲಾಬಿ ಸರ ಹಿಡಿದು ನಿಂತುಬಿಟ್ಟಳು. ಎರಡರಲ್ಲಿ ಯಾವುದನ್ನು ಬಿಟ್ಟರೂ ಕೆಡುತ್ತಿತ್ತು.

ಒಂದು ತೊಡಕು ಬಂತು. ದೇವರ ಹಿಂದಿನ ಸರಗಳು ಗಿಡ್ಡ, ಬಾಗಿಲಿನವು ಉದ್ದ. ಗುಲಾಬಿಯದು ಸುಲಭ; ಉದ್ದ ಸರವನ್ನು ನಡುವೆ ಮಡಿಸಿ ಎರಡೆಳೆ ಮಾಡಿದರು, ಇನ್ನೂ ತುಂಬಿಕೊಂಡಂತಾಯಿತು. ಸೇವಂತಿಗೆಯ ಗಿಡ್ಡ ಸರಗಳನ್ನು ಮಾತ್ರ ಎರಡೆರಡು ಸೇರಿಸಿ ಗಂಟು ಹಾಕಬೇಕು. ಪಿನ್ನಪ್ಪ ಸ್ಟೂಲಿನ ಮೇಲೆ, ಭಾವ ಒಳಗೆ. ಹೊರಗೆ ಸರದ ತುದಿ ಹಿಡಿಯುವುದಕ್ಕೆ ಒಂದು ಕೈ ಕಡಿಮೆ ಬಿತ್ತು.

ಆಗಲೇ ಮೆಟ್ಟಿಲು ಹತ್ತಿ ಒಬ್ಬಾಕೆ ಬಂದಳು. ತಿಳಿ ನೂಲಿನ ಸೀರೆ, ಎತ್ತಿ ಕಟ್ಟಿದ ತುರುಬು, ಕೈಯಲ್ಲೊಂದು ದೊಡ್ಡ ಬಟ್ಟೆಚೀಲ. ಏದುಸಿರು ಬಿಡುತ್ತಿದ್ದಳು.

"ಬಂದ್ರಾ? ಸದ್ಯ!" ಅಂದಳು ದೊಡ್ಡಮ್ಮ. ಪಿನ್ನಪ್ಪ ಸಹಾಯಕ್ಕೆ ಯಾರನ್ನೋ ಕರೆಸಿದ್ದಾನೆ ಎಂದೇ ಅವಳ ಎಣಿಕೆ. "ಚೀಲ ಅಲ್ಲಿಡಿ. ಈ ತುದಿ ಹಿಡೀರಿ. ಬಿಗಿಯಾಗಿ."

ಬಂದಾಕೆ ಒಂದು ಕ್ಷಣ ನೋಡಿದಳು. ಆಮೇಲೆ ಚೀಲ ಇಟ್ಟು, ಸೆರಗು ಸಿಕ್ಕಿಸಿ, ತುದಿ ಹಿಡಿದಳು. ಪಿನ್ನಪ್ಪನ ಬಾಯಿಗೆ ಪಿನ್ನು ವಾಪಸು ಹೋಗಿತ್ತು, ಅವನು "ಮ್ಮ್?" ಅಂದ. ಯಾರೂ ಕಿವಿಗೊಡಲಿಲ್ಲ.

"ಗಂಟು ಕಾಣುತ್ತಲ್ಲ" ಅಂದಳು ಆಕೆ.

"ಹೌದಲ್ವಾ? ಅದರ ಮೇಲೊಂದು ಬಿಳಿ ಕುಚ್ಚು ಕಟ್ಟೋಣ. ಬೇಕು ಅಂತಲೇ ಮಾಡಿದ ಹಾಗಿರುತ್ತೆ." ಕುಚ್ಚು ಕಟ್ಟಿದರು. ನಿಜಕ್ಕೂ ಹಾಗೇ ಕಂಡಿತು. "ನಿಮಗೆ ಕಣ್ಣಿದೆ ಕಣ್ರೀ!"

"ನನ್ನ ಕೇಳಿದ್ರೆ ಮಧ್ಯೆ ಸ್ವಲ್ಪ ನೇರಳೆ ಹೂ ಬರಬೇಕು. ಹಳದಿಗೆ ನೇರಳೆ ಒಳ್ಳೆ ಜೋಡಿ" ಅಂದಳು ಆಕೆ, ಬುಟ್ಟಿಯಲ್ಲಿ ಉಳಿದಿದ್ದ ಆಸ್ಟರ್ ಹೂ ತೋರಿಸಿ.

"ಜೋಡಿ ಒಳ್ಳೇದೇ, ಆದರೆ ಈ ಗುಹೆಯಲ್ಲಿ ಬೇಡ."

"ಹಾಕಿ ನೋಡ್ರೀ, ಹಾಕದೆ ಹೇಗೆ ಗೊತ್ತಾಗುತ್ತೆ?"

"ನೋಡಿಬಿಡೋಣ!" ದೊಡ್ಡಮ್ಮ ನಾಲ್ಕು ನೇರಳೆ ಹೂ ಸಿಕ್ಕಿಸಿದಳು. ಇಬ್ಬರೂ ಹಿಂದೆ ಸರಿದು, ಲಿಫ್ಟಿನ ಬಾಗಿಲಿಗೆ ಬೆನ್ನು ಕೊಟ್ಟು, ಕಣ್ಣು ಕಿರಿದು ಮಾಡಿ ನೋಡಿದರು. ತೋರಣದಲ್ಲಿ ನಾಲ್ಕು ಕಡೆ ಇಲಿ ಕಡಿದ ಹಾಗೆ ತೂತು ಕಂಡಿತು.

"ಥೂ" ಅಂದಳು ಆಕೆ.

"ಥೂ" ಅಂದಳು ದೊಡ್ಡಮ್ಮ. ಇಬ್ಬರೂ ಬಿದ್ದೂ ಬಿದ್ದೂ ನಕ್ಕರು.

ನೇರಳೆ ಕಿತ್ತು ಅಲ್ಲಿ ಕಿತ್ತಳೆ ಚೆಂಡುಹೂ ಇಟ್ಟರು. ಭಾವನ ಬಿಳಿ ಬಲ್ಬು ತೆಗೆಸಿ, ಒಳಮನೆಯಿಂದ ಒಳ್ಳೆ ಹಳದಿ ಬೆಳಕಿನ ದೊಡ್ಡ ಬಲ್ಬು ತಂದು ಹಾಕಿಸಿದರು. ಕಾಫಿಪುಡಿ ಬಾಗಿಲಿನ ಮೇಲೆ ಹಳದಿ, ಕಿತ್ತಳೆ, ಬಿಳಿ ಫಳಫಳ ಎದ್ದು ಬಂದವು. ದೊಡ್ಡಮ್ಮ ಸ್ಟೂಲು ಹತ್ತಿ ಅಡ್ಡಸರ ಸರಿಮಾಡುತ್ತಾ, ಸಂತೋಷಕ್ಕೆ ಬಾಯಿ ಸಡಿಲ ಬಿಟ್ಟಳು.

"ಇಷ್ಟೆಲ್ಲ ಪಾಡು ಯಾಕೆ ಗೊತ್ತಾ? ಹುಡುಗನ ಸೋದರತ್ತೆ ಒಬ್ಬಳಿದ್ದಾಳಂತೆ. ಕಪ್ಪು ಕಂಡ್ರೆ ಹಾರಿಬೀಳ್ತಾಳಂತೆ. ನಮ್ಮ ಭಾವ ಬೆಕ್ಕಿಗೆ ಲಂಚ ಕೊಟ್ಟು ಬಂದಿದಾನೆ. ತಲೆಗೂದಲು ಕಪ್ಪಿದೆಯಲ್ಲ, ಅದನ್ನೇನು ಮಾಡೋಣ ಹೇಳಿ? ಆ ಯಮ್ಮನ ತಲೆ ಪೂರ್ತಿ ಬೆಳ್ಳಗಿರಬೇಕು."

"ಪೂರ್ತಿ ಇಲ್ಲ" ಅಂದಳು ಆಕೆ. "ಬಣ್ಣ ಹಚ್ತೀನಿ."

ಅದೇ ಹೊತ್ತಿಗೆ ಜಡೆ ಮುಗಿಸಿ ಮಗಳು ಹೊರಗೆ ಬಂದಳು. ಬಂದವಳು ಬಗ್ಗಿ ಆಕೆಯ ಕಾಲು ಮುಟ್ಟಿದಳು. "ಅತ್ತೆ! ನೀವು ಯಾವಾಗ ಬಂದ್ರಿ? ಯಾಕೆ ಹೊರಗೇ ನಿಂತಿದೀರಾ?"

ದೊಡ್ಡಮ್ಮ ಸ್ಟೂಲಿನ ಮೇಲೆ ಕಂಬವಾದಳು. ಇಳಿಯೋಣವೆಂದರೆ ಆಕೆಯ ಎದುರಿಗೇ ಇಳಿಯಬೇಕು, ಅಲ್ಲೇ ಇರೋಣವೆಂದರೆ ಮುಖ ಎಲ್ಲರಿಗೂ ಕಾಣುತ್ತಿತ್ತು. ಕೊನೆಗೆ ತೋರಣದ ಹಿಂದೆ ಮುಖ ಮರೆಮಾಡಿಕೊಂಡಳು. ಹಳದಿ ಸರಗಳ ನಡುವಿನಿಂದ ದನಿ ಮಾತ್ರ ಬಂತು: "ನಮಸ್ಕಾರ ಬೀಗಿತ್ತಿ."

ಸೋದರತ್ತೆ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಇಳೀರಿ, ಇಳೀರಿ. ನಮ್ಮವರೆಲ್ಲ ಕೆಳಗೆ ಗಾಡಿ ನಿಲ್ಲಿಸೋಕೆ ಜಾಗ ಹುಡುಕ್ತಿದಾರೆ. ನಾನು ಸುಮ್ನೆ ಮುಂದೆ ಬಂದೆ. ಬಂದದ್ದು ಒಳ್ಳೇದಾಯ್ತು, ಇಲ್ಲದಿದ್ರೆ ಕುರ್ಚಿ ಮೇಲೆ ಗೊಂಬೆ ಹಾಗೆ ಕೂರಿಸಿಬಿಡ್ತಿದ್ರಿ."

"ಕಪ್ಪು..." ಎಂದಳು ದೊಡ್ಡಮ್ಮ, ಒಂದು ಕಾಲು ಇಳಿಸುತ್ತಾ.

"ಅಯ್ಯೋ, ನಾನು ಹೇಳಿದ್ದು ನಮ್ಮ ಹುಡುಗನಿಗೆ ಕಣ್ರೀ! ಅವನ ಹತ್ತಿರ ಇರೋ ಅಂಗಿಯೆಲ್ಲ ಕಪ್ಪೇ. ನಿಶ್ಚಯಕ್ಕೂ ಕಪ್ಪು ಹಾಕ್ಕೊಂಡು ಬಂದಾನು ಅಂತ ಹೆದರಿ ಎಲ್ಲರಿಗೂ ಸೇರಿಸಿ ಹೇಳಿದೆ. ಬೆಕ್ಕಿಗೆ ಯಾರು ಹೇಳಿದ್ರು?"

ಒಳಗೆ ಹೋಗಿ ನೋಡಿದರೆ ಇನ್ನೊಂದು ಸೊಗಸು. ಹಳದಿ ರೇಷ್ಮೆಯ ಮೇಲೆ ಕಡುಗೆಂಪು ಗುಲಾಬಿ, ಎರಡೂ ಕಡೆ ದೀಪ. ಆ ಬೆಚ್ಚನೆ ಬೆಳಕಿಗೆ ಗುಲಾಬಿ ಮತ್ತೆ ಕೆಂಡವಾಗಿತ್ತು. ಹೊರಗೆ ಕಪ್ಪಾಗಿದ್ದ ಎಲೆ ಇಲ್ಲಿ ಹಸಿರೆಂದರೆ ಹಸಿರು. ಕಾಫಿ ಲೋಟ ಹಿಡಿದಿದ್ದ ಪುರೋಹಿತರು, "ಈಗ ದೇವರಿಗೂ ಕಾಣ್ತಾ ಇದೆ" ಅಂದರು. ತಂಗಿ ಅಕ್ಕನ ಕೆನ್ನೆ ಹಿಂಡಿದಳು. ಅವಳು ಚಿಕ್ಕಂದಿನಲ್ಲಿ ಹಿಂಡುತ್ತಿದ್ದ ಹಾಗೇ, ನೋಯುವಷ್ಟು.

ಲಿಫ್ಟು ಮೇಲೆ ಬಂತು. ಬಾಗಿಲು ತೆರೆಯಿತು. ಹುಡುಗನ ಕಡೆಯವರು ಒಬ್ಬೊಬ್ಬರಾಗಿ ಹೊರಗೆ ಬಂದು, ತೋರಣ ನೋಡಿ, "ಅಬ್ಬಬ್ಬಾ" ಅನ್ನುತ್ತಾ ಚಪ್ಪಲಿ ಬಿಟ್ಟರು. ಕೊನೆಗೆ ಹುಡುಗ. ತೆಂಗಿನಮರದಂಥ ಆಳು, ಕೆನೆಬಣ್ಣದ ಜುಬ್ಬದಲ್ಲಿ. ಅವನ ಕಣ್ಣು ಬಾಗಿಲಾಚೆ ನಿಂತಿದ್ದ ಹುಡುಗಿಯ ಮೇಲಿತ್ತು, ತೋರಣದ ಮೇಲಿರಲಿಲ್ಲ. ನೇರ ನಡೆದು ಬಂದು, ಹಣೆಯನ್ನು ಅಡ್ಡಸರಕ್ಕೆ ಕೊಟ್ಟ. ಗಡಿಬಿಡಿಯಲ್ಲಿ ಹಾಕಿದ ಗಂಟು ಸಡಿಲಿತು. ಎಡಬದಿಯ ಇಡೀ ಸರ ಸುರ್ರೆಂದು ಜಾರಿ, ಅವನ ಕೊರಳಿಗೆ ಎರಡು ಸುತ್ತು ಬಿದ್ದು, ಬಿಳಿ ಕುಚ್ಚು ಎದೆಯ ಮೇಲೆ ನಿಂತಿತು.

ಹುಡುಗ ಕೊರಳ ಹೂವು ನೋಡಿಕೊಂಡ. "ಇನ್ನೂ ಒಪ್ಪಿಗೆ ಆಗಿಲ್ಲ, ಆಗಲೇ ಹಾರ ಹಾಕಿಬಿಟ್ರಾ?" ಅಂದ.

ಹುಡುಗಿ "ಸದ್ಯ, ಬಣ್ಣ ಒಪ್ಪುತ್ತೆ" ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಇಡೀ ಮಹಡಿ ಗೊಳ್ಳೆಂದಿತು. ಪಿನ್ನಪ್ಪ ಮತ್ತೆ ಕಟ್ಟುವುದಕ್ಕೆ ಸ್ಟೂಲು ತಂದರೆ, ಹುಡುಗ ಕೊಡಲೊಲ್ಲ. ಸರ ಹಾಕಿಕೊಂಡೇ ಒಳಗೆ ಹೋಗಿ ಕೂತ, ಹಾಗೇ ಪೂಜೆಯೂ ಆಯಿತು, ತಟ್ಟೆಯೂ ಬದಲಾಯಿತು. ಬಾಗಿಲಿನ ಎಡಗಡೆ ಬೋಳಾಗಿಯೇ ಉಳಿಯಿತು, ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ.

ಊಟಕ್ಕೆ ಸೋದರತ್ತೆ ಹಟ ಹಿಡಿದು ದೊಡ್ಡಮ್ಮನ ಪಕ್ಕದಲ್ಲೇ ಕೂತಳು. ಎಲ್ಲರೂ ಮದುವೆಯ ದಿನ ಯಾವಾಗ, ಎಲ್ಲಿ ಎಂದು ಮಾತಾಡುತ್ತಿದ್ದರೆ ಇವರ ಲೋಕವೇ ಬೇರೆ.

"ಮುಂದಿನ ತಿಂಗಳು ನಮ್ಮನೇಲೊಂದು ಪೂಜೆ ಇದೆ. ನೀವು ಬರಬೇಕು. ನಮ್ಮ ಗೇಟು ಕಡುನೀಲಿ" ಅಂದಳು ಸೋದರತ್ತೆ.

"ಕಿತ್ತಳೆ ಚೆಂಡುಹೂ!" ಅಂದಳು ದೊಡ್ಡಮ್ಮ, ತುತ್ತು ಬಾಯಲ್ಲಿರುವಾಗಲೇ. "ನೀಲಿಗೆ ಕಿತ್ತಳೆ ಕೊಟ್ಟು ನೋಡಿ, ಬೀದಿ ಕೊನೆಯವರನ್ನೂ ಕೂಗಿ ಕರೆಯುತ್ತೆ."

"ಪೂಜೆ ಸಂಜೆ. ಬೆಳಕು ಇಳಿದ ಮೇಲೆ ಬಿಳಿಯೇ ಸರಿ."

"ಬರೀ ಬಿಳೀನಾ? ಮನೆಯೋ, ದವಾಖಾನೆಯೋ?"

"ಬರೀ ಕಿತ್ತಳೆನಾ? ಮನೆಯೋ, ಲಾರಿಯೋ?"

"ಎರಡೂ ಹಾಕೋಣ. ಕಿತ್ತಳೆ ಹೆಚ್ಚು, ಬಿಳಿ ಅಂಚಿಗೆ."

"ಬಿಳಿ ಹೆಚ್ಚು, ಕಿತ್ತಳೆ ಅಂಚಿಗೆ."

ಬಡಿಸುವವನು ಪಾಯಸದ ಪಾತ್ರೆ ಹಿಡಿದು ನಿಂತೇ ಇದ್ದ. ಇಬ್ಬರೂ ಅವನನ್ನು ನೋಡಲಿಲ್ಲ. ಸೋದರತ್ತೆ ಎಲೆಯ ಮೇಲೆ ಬೆರಳಿಂದ ಗೇಟು ಬರೆದಿದ್ದಳು. ದೊಡ್ಡಮ್ಮ ಆ ಗೇಟಿಗೆ ಕ್ಯಾರೆಟ್ಟಿನ ಚೂರುಗಳನ್ನು ಒಂದೊಂದಾಗಿ ಜೋಡಿಸುತ್ತಿದ್ದಳು. ಸೋದರತ್ತೆ ಅವನ್ನು ತೆಗೆತೆಗೆದು ತಿಂದು, ಆ ಜಾಗದಲ್ಲಿ ಅನ್ನದ ಅಗಳು ಇಡುತ್ತಿದ್ದಳು.